ಮೊದಲ ಅರ್ಧ ನಿಮಿಷದ ವೇಗ, ಉಳಿದ ಒಂದು ಗಂಟೆಯ ವೇಗ

ಏಪ್ರಿಲ್, ಮೇ ತಿಂಗಳು ನಮ್ಮಲ್ಲಿ ಮದುವೆಗಳ ಕಾಲ. ಮದುವೆಯ ವಿಡಿಯೊ ಎಡಿಟ್ ಮಾಡುವವರು ಆಗ ರಾತ್ರಿ ಹಗಲು ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾರೆ. ಕಲಬುರಗಿ, ರಾಯಚೂರಿನ ಕಡೆ ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಒಳಗೆ ಫ್ಯಾನ್ ಗಾಳಿಯೂ ಬೆಚ್ಚಗೆ. ವಿಡಿಯೊ ಜೋಡಿಸುವ ಕೆಲಸ ಮುಗಿಸಿ ಎಕ್ಸ್‌ಪೋರ್ಟ್ ಒತ್ತಿದರೆ ಪರದೆಯ ಮೇಲೆ ‘ಇನ್ನು 45 ನಿಮಿಷ’ ಎಂದು ಬರುತ್ತದೆ. ಒಂದೆರಡು ನಿಮಿಷ ಕಳೆದ ಮೇಲೆ ನೋಡಿದರೆ ಬಾಕಿ ಸಮಯ ಇಳಿಯುವ ಬದಲು ಏರಿರುತ್ತದೆ. ಕೊನೆಗೆ ಕೆಲಸ ಮುಗಿಯುವಾಗ ಒಂದು ಗಂಟೆಯ ಮೇಲಾಗಿರುತ್ತದೆ.

ಲ್ಯಾಪ್‌ಟಾಪ್ ಹಳೆಯದಾಯಿತು, ವೈರಸ್ ಸೇರಿತು, ವಿಂಡೋಸ್ ನಿಧಾನವಾಯಿತು ಎಂದು ಜನ ಹೇಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಇದ್ಯಾವುದೂ ಕಾರಣವಲ್ಲ. ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸಿಕೊಂಡಿರುತ್ತದೆ, ಅದೂ ತಯಾರಕರು ಬರೆದಿಟ್ಟ ನಿಯಮದ ಪ್ರಕಾರವೇ. ಆ ನಿಯಮ ಯಾವುದು, ಅದರಲ್ಲಿ ಎಷ್ಟು ಭಾಗ ನಮ್ಮ ಕೈಯಲ್ಲಿದೆ ಎಂಬುದು ಗೊತ್ತಾದರೆ, ಹೊಸ ಲ್ಯಾಪ್‌ಟಾಪಿಗೆ ದುಡ್ಡು ಸುರಿಯಬೇಕೋ, ಇರುವುದರ ಫ್ಯಾನ್ ಬಿಚ್ಚಿ ದೂಳು ತೆಗೆದರೆ ಸಾಕೋ ಎಂದು ನಾವೇ ತೀರ್ಮಾನಿಸಬಹುದು.

ಒಂದು ನಿಜವಾದ ಪ್ರೊಸೆಸರನ್ನೇ ಹಿಡಿದು ನೋಡೋಣ. ಇಂಟೆಲ್‌ನ 12ನೇ ತಲೆಮಾರಿನ ಕೋರ್ ಐ5-1240ಪಿ, 2022ರಿಂದ ಸಾಕಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಬಂದ ಚಿಪ್. ಅಂಗಡಿಯವರು ತೋರಿಸುವ ಅಂಕಿ 4.4 ಗಿಗಾಹರ್ಟ್ಜ್. ಇದು ಅತಿ ಹೆಚ್ಚಿನ ವೇಗ, ಒಂದೆರಡು ಕೋರ್ ಮಾತ್ರ ದುಡಿಯುವಾಗ ಸಿಗುವಂಥದ್ದು. ಅದೇ ಚಿಪ್‌ನ ದೊಡ್ಡ ಕೋರ್‌ಗಳ ಮೂಲ ವೇಗ 1.7 ಗಿಗಾಹರ್ಟ್ಜ್ ಎಂದು ಇಂಟೆಲ್ ತನ್ನ ವಿವರಪಟ್ಟಿಯಲ್ಲಿ ಬರೆದಿದೆ. ಈ ಎರಡರ ನಡುವೆ ಇರುವ ಅಂತರ ಎರಡೂವರೆ ಪಟ್ಟಿಗೂ ಹೆಚ್ಚು. ದಿನದ ಕೆಲಸದಲ್ಲಿ ಆ ಅಂತರದ ಯಾವ ಜಾಗದಲ್ಲಿ ಪ್ರೊಸೆಸರ್ ನಿಲ್ಲುತ್ತದೆ ಎಂಬುದನ್ನು ಇನ್ನೆರಡು ಅಂಕಿಗಳು ನಿರ್ಧರಿಸುತ್ತವೆ. ಅವು ಗಿಗಾಹರ್ಟ್ಜ್‌ನಲ್ಲಿಲ್ಲ, ವ್ಯಾಟ್‌ನಲ್ಲಿವೆ: 28 ಮತ್ತು 64.

28 ವ್ಯಾಟ್ ಎಂದರೆ ದೀರ್ಘಕಾಲದ ಮಿತಿ, ಇದನ್ನು ಪಿಎಲ್1 ಎನ್ನುತ್ತಾರೆ. 64 ವ್ಯಾಟ್ ಅಲ್ಪಕಾಲದ ಮಿತಿ, ಪಿಎಲ್2. ಅಲ್ಪಕಾಲ ಎಂದರೆ ಎಷ್ಟು ಹೊತ್ತು ಎಂಬುದನ್ನು ಹೇಳುವ ಮೂರನೆಯ ಅಂಕಿಯೊಂದಿದೆ, ಅದರ ಹೆಸರು ಟೌ. ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ 28 ಸೆಕೆಂಡ್ ಎಂದು ಇಟ್ಟಿರುತ್ತಾರೆ. 28 ವ್ಯಾಟ್, 28 ಸೆಕೆಂಡ್ ಎರಡೂ ಒಂದೇ ಅಂಕಿಯಾಗಿರುವುದು ಇಲ್ಲಿ ಕಾಕತಾಳೀಯ.

ಇದನ್ನು ಓದಿದವರು 28 ಸೆಕೆಂಡ್ ಕಾಲ 64 ವ್ಯಾಟ್ ಓಡಿ ಆಮೇಲೆ 28 ವ್ಯಾಟಿಗೆ ಇಳಿಯುತ್ತದೆ ಎಂದುಕೊಳ್ಳುತ್ತಾರೆ. ಹಾಗಲ್ಲ. ಪ್ರೊಸೆಸರ್ ತಾನು ಬಳಸಿದ ವಿದ್ಯುತ್ತಿನ ಸರಾಸರಿಯನ್ನು ಸದಾ ಲೆಕ್ಕ ಹಾಕುತ್ತಿರುತ್ತದೆ. ಆ ಸರಾಸರಿಯಲ್ಲಿ ಈಗಷ್ಟೇ ಬಳಸಿದ್ದಕ್ಕೆ ಹೆಚ್ಚು ತೂಕ, ಹಿಂದೆ ಬಳಸಿದ್ದಕ್ಕೆ ಕಡಿಮೆ ತೂಕ. ಹಳೆಯದು ಎಷ್ಟು ಬೇಗ ಲೆಕ್ಕದಿಂದ ಮಾಸಿಹೋಗಬೇಕು ಎಂದು ಹೇಳುವುದೇ ಟೌನ ಕೆಲಸ. ಸರಾಸರಿ 28 ವ್ಯಾಟ್ ಮುಟ್ಟುವವರೆಗೆ ಪ್ರೊಸೆಸರ್ 64 ವ್ಯಾಟ್‌ವರೆಗೂ ಹೋಗಬಹುದು. ಮುಟ್ಟಿದ ಕ್ಷಣದಿಂದ ಸರಾಸರಿ ಅದನ್ನು ಮೀರದಂತೆ ವೇಗವನ್ನು ಹಿಡಿದಿಡಲಾಗುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ನೀವು ಎಕ್ಸ್‌ಪೋರ್ಟ್ ಒತ್ತುವ ಮುಂಚೆ ಲ್ಯಾಪ್‌ಟಾಪ್ ಸುಮ್ಮನಿತ್ತು, 5 ವ್ಯಾಟ್ ಬಳಸುತ್ತಿತ್ತು ಎನ್ನಿ. ಒತ್ತಿದ ಕೂಡಲೇ 64 ವ್ಯಾಟಿಗೆ ಏರಿತು. ಸರಾಸರಿ 5ರಿಂದ ಮೇಲಕ್ಕೇರುತ್ತ 28 ಮುಟ್ಟಲು ಬೇಕಾಗುವ ಸಮಯ ಸುಮಾರು 14 ಸೆಕೆಂಡ್. ಅಷ್ಟೇ. ಮೊದಲ ಕಾಲು ನಿಮಿಷದಲ್ಲಿ ಬೂಸ್ಟ್‌ನ ಕಾಲ ಮುಗಿಯುತ್ತದೆ. ಎಕ್ಸ್‌ಪೋರ್ಟ್‌ಗೆ ಮುಂಚೆಯೇ ಬ್ರೌಸರ್, ಪ್ರಿವ್ಯೂ ಅಂತ ಒಂದಿಷ್ಟು ಕೆಲಸ ನಡೆಯುತ್ತಿದ್ದರೆ ಸರಾಸರಿ ಆಗಲೇ ಮೇಲಿರುತ್ತದೆ, ಹಾಗಾಗಿ ಆ 14 ಸೆಕೆಂಡ್ ಕೂಡ ಪೂರ್ತಿ ಸಿಗುವುದಿಲ್ಲ.

ಹೀಗೊಂದು ವಿಚಿತ್ರ ವ್ಯವಸ್ಥೆ ಯಾಕೆ ಬಂತು? ಇಂಟೆಲ್ 2008ರಲ್ಲಿ ನೆಹಾಲೆಮ್ ಚಿಪ್‌ಗಳ ಜೊತೆ ಟರ್ಬೊ ಬೂಸ್ಟ್ ತಂದಾಗ ನಿಯಮ ಸರಳವಾಗಿತ್ತು: ನಾಲ್ಕು ಕೋರ್‌ಗಳಲ್ಲಿ ಕೆಲವು ಸುಮ್ಮನಿದ್ದರೆ ಉಳಿದವು ಸ್ವಲ್ಪ ಹೆಚ್ಚು ವೇಗ ತೆಗೆದುಕೊಳ್ಳಬಹುದು, ಒಟ್ಟು ವಿದ್ಯುತ್ ಮಾತ್ರ ಮಿತಿಯೊಳಗೇ ಇರಬೇಕು. 2011ರಲ್ಲಿ ಬಂದ ಸ್ಯಾಂಡಿ ಬ್ರಿಡ್ಜ್ ಇದನ್ನು ಬದಲಿಸಿತು. ಇಸ್ರೇಲಿನ ಹೈಫಾದ ತಂಡ ರೂಪಿಸಿದ ಆ ಚಿಪ್‌ನಲ್ಲಿ ಮೊದಲ ಬಾರಿಗೆ ವಿದ್ಯುತ್ ಮಿತಿಯನ್ನೇ ಸ್ವಲ್ಪ ಹೊತ್ತು ಮೀರಲು ಅವಕಾಶ ಕೊಟ್ಟರು. ಅದರ ಹಿಂದಿನ ತರ್ಕ ಚೆನ್ನಾಗಿದೆ. ಚಿಪ್‌ನ ಮೇಲೆ ಕೂತಿರುವ ತಾಮ್ರ, ಅಲ್ಯೂಮಿನಿಯಂ ತಣ್ಣಗಿರುವಾಗ ಒಂದಷ್ಟು ಶಾಖವನ್ನು ತಾವೇ ನುಂಗಿಕೊಳ್ಳುತ್ತವೆ. ಅವು ಬಿಸಿಯಾಗಲು ಸಮಯ ಬೇಕು. ಬಳಕೆದಾರ ಒಂದು ಫೈಲ್ ತೆರೆದ, ಒಂದು ಪುಟ ಲೋಡ್ ಮಾಡಿದ ಎಂಬಂಥ ಕೆಲಸಗಳು ಆ ಸಮಯದೊಳಗೇ ಮುಗಿದುಹೋಗುತ್ತವೆ. ಹಾಗಿರುವಾಗ ಆ ಕೆಲವು ಸೆಕೆಂಡ್ ವೇಗವಾಗಿ ಓಡಲು ಬಿಟ್ಟರೆ ನಷ್ಟವೇನು? ನಿತ್ಯದ ಬಳಕೆಗೆ ಇದು ನಿಜಕ್ಕೂ ಒಳ್ಳೆಯ ಯೋಚನೆ. ಕಂಪ್ಯೂಟರ್ ಚುರುಕಾಗಿದೆ ಎಂದು ನಮಗೆ ಅನ್ನಿಸುವುದೇ ಈ ಕಾರಣಕ್ಕೆ. ಆದರೆ ಒಂದು ಗಂಟೆ ಎಕ್ಸ್‌ಪೋರ್ಟ್ ಮಾಡುವವರಿಗೆ, ದೊಡ್ಡ ಪ್ರೋಗ್ರಾಮ್ ಕಂಪೈಲ್ ಮಾಡುವವರಿಗೆ, ಸಂಜೆಯೆಲ್ಲ ಗೇಮ್ ಆಡುವವರಿಗೆ ಆ ಮೊದಲ 14 ಸೆಕೆಂಡ್ ಲೆಕ್ಕಕ್ಕೇ ಬರುವುದಿಲ್ಲ.

64 ವ್ಯಾಟಿನಿಂದ 28ಕ್ಕೆ ಇಳಿದರೆ ವೇಗ ಅರ್ಧಕ್ಕಿಂತ ಕಡಿಮೆಯಾಗಬೇಕಲ್ಲ ಎಂದು ತೋರಬಹುದು. ಅದೃಷ್ಟವಶಾತ್ ಹಾಗಾಗುವುದಿಲ್ಲ. ಪ್ರೊಸೆಸರ್ ಬಳಸುವ ವಿದ್ಯುತ್ತು ಕ್ಲಾಕ್ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುತ್ತದೆ. ವೇಗ ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ಹೀಗಾಗಿ ಮೇಲಿನ ವೇಗಗಳಲ್ಲಿ ವಿದ್ಯುತ್ತು ಹೆಚ್ಚುಕಡಿಮೆ ವೇಗದ ಘನದಂತೆ ಏರುತ್ತದೆ. ವೇಗವನ್ನು ಶೇ 10ರಷ್ಟು ಹೆಚ್ಚಿಸಿದರೆ ವಿದ್ಯುತ್ತು ಶೇ 33ರಷ್ಟು ಹೆಚ್ಚುತ್ತದೆ. ಅದನ್ನೇ ತಿರುಗಿಸಿ ನೋಡಿದರೆ, ವಿದ್ಯುತ್ತನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೂ ವೇಗ ಕಾಲು ಭಾಗದಷ್ಟೇ ಇಳಿಯುತ್ತದೆ. 64 ವ್ಯಾಟಿನಲ್ಲಿ 3.6 ಗಿಗಾಹರ್ಟ್ಜ್ ಸಿಗುತ್ತಿದ್ದರೆ 28ರಲ್ಲಿ ಸುಮಾರು 2.7 ಸಿಗುತ್ತದೆ. ಈ ಘನದ ಲೆಕ್ಕ ಒರಟು ಅಂದಾಜು; ತೀರ ಕಡಿಮೆ ವೇಗಗಳಲ್ಲಿ ವೋಲ್ಟೇಜ್ ಇನ್ನು ಇಳಿಯಲಾರದ ಮಟ್ಟಕ್ಕೆ ಬಂದಿರುತ್ತದೆ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನಮ್ಮ ಕೆಲಸಕ್ಕೆ ಇಷ್ಟು ಸಾಕು. ಮೊದಲ ಸೆಕೆಂಡುಗಳ ವೇಗ ನೋಡಿ 45 ನಿಮಿಷ ಎಂದಿದ್ದ ಎಕ್ಸ್‌ಪೋರ್ಟ್ ಒಂದು ಗಂಟೆಗೆ ಬಂದು ನಿಂತದ್ದು ಇದೇ ಲೆಕ್ಕದಿಂದ.

ಇಲ್ಲಿಯವರೆಗೆ ನಡೆದದ್ದರಲ್ಲಿ ಉಷ್ಣತೆಯ ಮಾತೇ ಬಂದಿಲ್ಲ ಎಂಬುದನ್ನು ಗಮನಿಸಬೇಕು. ಚಿಪ್ ತಣ್ಣಗಿದ್ದರೂ ಪಿಎಲ್1 ತನ್ನ ಕೆಲಸ ಮಾಡುತ್ತದೆ. ಹಾಗಾದರೆ ಒಳ್ಳೆಯ ಕೂಲಿಂಗ್‌ನಿಂದ ವೇಗ ಹೆಚ್ಚುವುದು ಹೇಗೆ? ಆ 28 ವ್ಯಾಟ್ ಒಂದು ಅನುಮತಿ ಮಾತ್ರ. ಅಷ್ಟು ಶಾಖವನ್ನು ಹೊರಗೆ ಸಾಗಿಸಲು ಲ್ಯಾಪ್‌ಟಾಪಿಗೆ ಸಾಧ್ಯವೇ ಎಂಬುದು ಬೇರೆ ಪ್ರಶ್ನೆ, ದೀರ್ಘ ಕೆಲಸದಲ್ಲಿ ಆ ಪ್ರಶ್ನೆಯೇ ಮುಖ್ಯವಾಗುತ್ತದೆ.

ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. 28 ವ್ಯಾಟ್ ಬಳಸಿದರೆ 28 ವ್ಯಾಟ್ ಶಾಖ ಹೊರಹೋಗಬೇಕು. ತಳದಲ್ಲಿ ತೂತಿರುವ ಕೊಡಕ್ಕೆ ನಲ್ಲಿಯಿಂದ ನೀರು ಬಿಟ್ಟರೆ ಏನಾಗುತ್ತದೆ ನೋಡಿ: ನೀರಿನ ಮಟ್ಟ ಏರುತ್ತದೆ, ಏರಿದಷ್ಟೂ ತೂತಿನಿಂದ ಸೋರುವ ರಭಸ ಹೆಚ್ಚುತ್ತದೆ, ಬರುವಷ್ಟೇ ಹೋಗತೊಡಗಿದಾಗ ಮಟ್ಟ ನಿಲ್ಲುತ್ತದೆ. ತೂತು ದೊಡ್ಡದಿದ್ದರೆ ಕೆಳಗೇ ನಿಲ್ಲುತ್ತದೆ, ಸಣ್ಣದಿದ್ದರೆ ಮೇಲಕ್ಕೆ ಹೋಗಿ ತುಳುಕುತ್ತದೆ. ಚಿಪ್‌ನ ಉಷ್ಣತೆಯೂ ಹೀಗೆಯೇ. ಚಿಪ್ ಮತ್ತು ಕೋಣೆಯ ಗಾಳಿಯ ನಡುವಿನ ಉಷ್ಣತೆಯ ವ್ಯತ್ಯಾಸವೇ ಶಾಖವನ್ನು ಹೊರಗೆ ದಬ್ಬುತ್ತದೆ. ಒಂದು ವ್ಯಾಟ್ ಶಾಖ ದಾಟಿಸಲು ಎಷ್ಟು ಡಿಗ್ರಿ ವ್ಯತ್ಯಾಸ ಬೇಕು ಎಂಬ ಅಂಕಿ ಸಿಕ್ಕರೆ ಕೂಲಿಂಗ್‌ನ ಯೋಗ್ಯತೆ ಪೂರ್ತಿ ಸಿಕ್ಕಂತೆ. ಇದನ್ನು ಉಷ್ಣರೋಧ ಎಂದು ಕರೆಯುತ್ತಾರೆ.

ನಮ್ಮ ಲ್ಯಾಪ್‌ಟಾಪ್‌ನ ಉಷ್ಣರೋಧ ವ್ಯಾಟಿಗೆ 2.5 ಡಿಗ್ರಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 28 ವ್ಯಾಟಿಗೆ ಬೇಕಾದ ವ್ಯತ್ಯಾಸ 70 ಡಿಗ್ರಿ. ಬೆಂಗಳೂರಿನ ಕೋಣೆಯೊಂದರಲ್ಲಿ 28 ಡಿಗ್ರಿ ಇದ್ದರೆ ಚಿಪ್ 98ಕ್ಕೆ ಬಂದು ನಿಲ್ಲುತ್ತದೆ. ಈ ಚಿಪ್‌ನ ಗರಿಷ್ಠ ಮಿತಿ 100 ಡಿಗ್ರಿ. ಅಂದರೆ ಇಲ್ಲಿ ಕೂದಲೆಳೆಯಷ್ಟರಲ್ಲಿ ಪೂರ್ತಿ 28 ವ್ಯಾಟ್ ದಕ್ಕುತ್ತದೆ. ಅದೇ ಲ್ಯಾಪ್‌ಟಾಪನ್ನು ಮೇ ತಿಂಗಳಲ್ಲಿ ಕಲಬುರಗಿಯ 40 ಡಿಗ್ರಿ ಕೋಣೆಗೆ ಒಯ್ಯಿರಿ. 40ಕ್ಕೆ 70 ಸೇರಿಸಿದರೆ 110. ಅಷ್ಟಕ್ಕೆ ಏರಲು ಚಿಪ್ ಬಿಡುವುದಿಲ್ಲ. 100 ಹತ್ತಿರ ಬಂದ ಕೂಡಲೇ ವೇಗ, ವೋಲ್ಟೇಜ್ ಎರಡನ್ನೂ ಇಳಿಸುತ್ತ ಹೋಗುತ್ತದೆ, ಉತ್ಪತ್ತಿಯಾಗುವ ಶಾಖ ಹೊರಹೋಗುವ ಶಾಖಕ್ಕೆ ಸಮವಾಗುವವರೆಗೆ. 60 ಡಿಗ್ರಿಯ ವ್ಯತ್ಯಾಸದಲ್ಲಿ ಸಾಗಬಹುದಾದದ್ದು 24 ವ್ಯಾಟ್ ಮಾತ್ರ. ಪಿಎಲ್1 ಅನುಮತಿ ಕೊಟ್ಟರೂ 4 ವ್ಯಾಟ್ ಕೈತಪ್ಪಿತು.

ಇದಕ್ಕೆ ಎರಡು ವರ್ಷದ ದೂಳು ಸೇರಿಸಿ. ಲ್ಯಾಪ್‌ಟಾಪ್ ಫ್ಯಾನಿನ ಗಾಳಿ ಹೊರಹೋಗುವ ಕಡೆ ತೆಳುವಾದ ಲೋಹದ ಹಾಳೆಗಳ ಸಾಲೊಂದಿರುತ್ತದೆ. ಫ್ಯಾನ್ ಎಳೆದುಕೊಂಡ ದೂಳು, ಬಟ್ಟೆಯ ನಾರು, ಕೂದಲು ಎಲ್ಲ ಈ ಸಾಲಿನ ಒಳಮುಖಕ್ಕೆ ಅಂಟಿ ಕಂಬಳಿಯಂತೆ ಕೂರುತ್ತವೆ. ಹೊರಗಿನಿಂದ ಇಣುಕಿದರೆ ಹಾಳೆಗಳು ಶುಚಿಯಾಗಿಯೇ ಕಾಣುತ್ತವೆ, ಏಕೆಂದರೆ ದೂಳು ಕೂತಿರುವುದು ಫ್ಯಾನ್ ಮತ್ತು ಹಾಳೆಗಳ ನಡುವೆ. ಇದರ ಜೊತೆಗೆ ಚಿಪ್‌ಗೂ ತಾಮ್ರದ ತಟ್ಟೆಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಸಾವಿರಾರು ಸಲ ಕಾದು ಆರಿ ಅಂಚಿಗೆ ಸರಿದಿರುತ್ತದೆ. ಉಷ್ಣರೋಧ 2.5ರಿಂದ 3ಕ್ಕೆ ಏರಿತು ಎನ್ನಿ. 40 ಡಿಗ್ರಿ ಕೋಣೆಯಲ್ಲಿ ಈಗ ಸಾಗುವುದು 20 ವ್ಯಾಟ್. ಘನದ ಲೆಕ್ಕ ಹಾಕಿದರೆ 2.7 ಇದ್ದ ವೇಗ 2.4ರ ಆಸುಪಾಸಿಗೆ ಬರುತ್ತದೆ. ಒಂದು ಗಂಟೆಯ ಕೆಲಸಕ್ಕೆ 67 ನಿಮಿಷ.

ಈಗ ಅದನ್ನು ಬಿಚ್ಚಿ ದೂಳು ತೆಗೆದು, ಹೊಸ ಪೇಸ್ಟ್ ಹಚ್ಚಿ, ಹಿಂಬದಿಯನ್ನು ಎರಡು ಇಂಚು ಎತ್ತರಿಸಿ ಇಟ್ಟು ಉಷ್ಣರೋಧವನ್ನು 2ಕ್ಕೆ ಇಳಿಸಿದರೆ? 40 ಡಿಗ್ರಿ ಕೋಣೆಯಲ್ಲೂ ಚಿಪ್ 96ರಲ್ಲಿ ನಿಂತು ಪೂರ್ತಿ 28 ವ್ಯಾಟ್ ಬಳಸುತ್ತದೆ. ಬಿಸಿಲುನಾಡಿನ ಲ್ಯಾಪ್‌ಟಾಪ್ ಬೆಂಗಳೂರಿನದರ ವೇಗಕ್ಕೆ ಬಂತು. ಏಳು ನಿಮಿಷ ಉಳಿದದ್ದು ದೊಡ್ಡದೇ ಎಂದು ಕೇಳಬಹುದು. ದಿನಕ್ಕೆ ಎಂಟು ಹತ್ತು ಎಕ್ಸ್‌ಪೋರ್ಟ್ ಮಾಡುವವರಿಗೆ ಅದು ದಿನಕ್ಕೊಂದು ಗಂಟೆ. ಆದರೆ ಪವಾಡ ನಿರೀಕ್ಷಿಸಬಾರದು ಎಂಬುದೂ ಇದೇ ಲೆಕ್ಕದಲ್ಲಿದೆ. ವಿದ್ಯುತ್ತಿನಲ್ಲಿ ಶೇ 40 ಹೆಚ್ಚು ಸಿಕ್ಕರೆ ವೇಗದಲ್ಲಿ ಶೇ 12 ಸಿಗುತ್ತದೆ. ಕೂಲಿಂಗ್ ಪ್ಯಾಡ್ ಇಟ್ಟರೆ ವೇಗ ದುಪ್ಪಟ್ಟಾಗುತ್ತದೆ ಎನ್ನುವ ಜಾಹೀರಾತನ್ನು ನಂಬಬೇಡಿ.

ಉಷ್ಣತೆ ಮಿತಿ ಮುಟ್ಟದಿದ್ದರೂ ಕೂಲಿಂಗ್ ಒಂದು ಸಣ್ಣ ಸಹಾಯ ಮಾಡುತ್ತದೆ. ಟ್ರಾನ್ಸಿಸ್ಟರ್‌ಗಳು ಪೂರ್ತಿ ಮುಚ್ಚಿದಾಗಲೂ ಅವುಗಳ ಮೂಲಕ ಒಂದಿಷ್ಟು ಕರೆಂಟ್ ಸೋರುತ್ತಲೇ ಇರುತ್ತದೆ, ಬಿಸಿಯಾದಷ್ಟೂ ಈ ಸೋರಿಕೆ ಹೆಚ್ಚು. ಸೋರಿಕೆಯ ವಿದ್ಯುತ್ತಿನಿಂದ ಯಾವ ಕೆಲಸವೂ ಆಗುವುದಿಲ್ಲ, ಆದರೆ ಅದು 28 ವ್ಯಾಟಿನ ಲೆಕ್ಕದಲ್ಲಿ ಸೇರಿರುತ್ತದೆ. 98 ಡಿಗ್ರಿಯಲ್ಲಿರುವ ಚಿಪ್‌ಗಿಂತ 80 ಡಿಗ್ರಿಯಲ್ಲಿರುವ ಅದೇ ಚಿಪ್ ಅಷ್ಟೇ ವ್ಯಾಟಿನಲ್ಲಿ ತುಸು ಹೆಚ್ಚು ವೇಗ ಕೊಡುತ್ತದೆ. ಎಎಂಡಿಯ ರೈಜೆನ್ ಚಿಪ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಿತಿ ಮುಟ್ಟುವ ಎಷ್ಟೋ ಮುಂಚಿನಿಂದಲೇ ಉಷ್ಣತೆ ಏರಿದಂತೆಲ್ಲ ಬೂಸ್ಟ್ ವೇಗವನ್ನು ಚೂರು ಚೂರೇ ಇಳಿಸುತ್ತ ಬರುತ್ತವೆ.

ಮೂರನೆಯ ಮಿತಿಯೊಂದಿದೆ, ಅದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಚಿಪ್‌ನ ಶಾಖ ತಾಮ್ರಕ್ಕೆ ಹರಡಲು ಸೆಕೆಂಡುಗಳು ಸಾಕು, ಆದರೆ ಲ್ಯಾಪ್‌ಟಾಪ್‌ನ ಇಡೀ ಮೈ ಬಿಸಿಯಾಗಲು ಹತ್ತು, ಹದಿನೈದು ನಿಮಿಷ ಬೇಕು. ಆ ಹೊತ್ತಿಗೆ ಕೀಬೋರ್ಡ್ ಮತ್ತು ತಳಭಾಗ ಕೈ, ತೊಡೆ ತಾಳಲಾರದಷ್ಟು ಬಿಸಿಯಾಗಬಾರದು. ಅದಕ್ಕಾಗಿ ತಯಾರಕರು ಹೊರಮೈಯ ಹತ್ತಿರ ಬೇರೆ ಸೆನ್ಸರ್‌ಗಳನ್ನು ಇಟ್ಟಿರುತ್ತಾರೆ. ಅವು ಬಿಸಿಯಾದರೆ ಲ್ಯಾಪ್‌ಟಾಪ್ ಪಿಎಲ್1 ಅಂಕಿಯನ್ನೇ 28ರಿಂದ 20ಕ್ಕೋ 15ಕ್ಕೋ ಇಳಿಸಿಬಿಡುತ್ತದೆ. ಆಗ ವಿಚಿತ್ರವಾದ ನೋಟ ಕಾಣುತ್ತದೆ: ಚಿಪ್ ಕೇವಲ 70 ಡಿಗ್ರಿ, ಆದರೂ ವೇಗ ನೆಲಕಚ್ಚಿದೆ. ಚಿಪ್ ತಣ್ಣಗಿದೆಯಲ್ಲ, ಹಾಗಾದರೆ ಕೂಲಿಂಗ್ ಸರಿಯಾಗಿಯೇ ಇದೆ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟುಕೊಂಡು ಕೆಲಸ ಮಾಡುವವರಿಗೆ ಈ ಮಿತಿ ಬೇಗ ಬಂದು ತಟ್ಟುತ್ತದೆ. ಕೂಲಿಂಗ್ ಪ್ಯಾಡ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿಯೇ, ಏಕೆಂದರೆ ಅದು ಚಿಪ್‌ಗಿಂತ ಹೆಚ್ಚಾಗಿ ಹೊರಮೈಯನ್ನು ತಣ್ಣಗಿಡುತ್ತದೆ.

ಕೂಲಿಂಗ್ ಒಂದೇ ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ 2020ರ ನವೆಂಬರಿನಲ್ಲಿ ಆ್ಯಪಲ್ ತಿಳಿಯದೆಯೇ ಒಂದು ಚೊಕ್ಕ ಪ್ರಯೋಗ ಒದಗಿಸಿತು. ಮ್ಯಾಕ್‌ಬುಕ್ ಏರ್ ಮತ್ತು 13 ಇಂಚಿನ ಮ್ಯಾಕ್‌ಬುಕ್ ಪ್ರೊ ಎರಡರಲ್ಲೂ ಅದೇ ಎಂ1 ಚಿಪ್. ಪ್ರೊದಲ್ಲಿ ಫ್ಯಾನ್ ಇತ್ತು, ಏರ್‌ನಲ್ಲಿ ಇರಲಿಲ್ಲ. ಅರ್ಧ ನಿಮಿಷದ ಪರೀಕ್ಷೆಗಳಲ್ಲಿ ಎರಡರ ನಡುವೆ ವ್ಯತ್ಯಾಸ ಹುಡುಕುವುದೇ ಕಷ್ಟ. ಎಲ್ಲ ಕೋರ್‌ಗಳಿಗೂ ಹಲವು ನಿಮಿಷ ಎಡೆಬಿಡದೆ ಕೆಲಸ ಕೊಟ್ಟರೆ ಏರ್ ನಿಧಾನಕ್ಕೆ ಹಿಂದೆ ಬೀಳತೊಡಗುತ್ತದೆ, ಪ್ರೊ ತನ್ನ ವೇಗವನ್ನು ಬಿಡುವುದಿಲ್ಲ. ಬರೆಯುವುದು, ಓದುವುದು, ಮೇಲ್ ನೋಡುವುದಷ್ಟೇ ಕೆಲಸವಾಗಿದ್ದವರಿಗೆ ಏರ್ ಸಾಕಾಗಿತ್ತು, ನಿಶ್ಶಬ್ದವೂ ಆಗಿತ್ತು. ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಚಿಪ್‌ನಲ್ಲಿರಲಿಲ್ಲ, ಕೆಲಸ ಎಷ್ಟು ಹೊತ್ತಿನದು ಎಂಬುದರಲ್ಲಿತ್ತು.

ಅದಕ್ಕೆ ಎರಡು ವರ್ಷ ಮುಂಚೆ, 2018ರ ಜುಲೈನಲ್ಲಿ, ಅದೇ ಕಂಪನಿಯ ದುಬಾರಿ ಕೋರ್ ಐ9 ಮ್ಯಾಕ್‌ಬುಕ್ ಪ್ರೊ ವಿಡಿಯೊ ರೆಂಡರ್ ಮಾಡುವಾಗ ತನ್ನ 2.9 ಗಿಗಾಹರ್ಟ್ಜ್ ಮೂಲ ವೇಗಕ್ಕಿಂತಲೂ ಕೆಳಗೆ ಬಿದ್ದದ್ದು ದೊಡ್ಡ ಸುದ್ದಿಯಾಯಿತು. ಉಷ್ಣತೆ ನಿಭಾಯಿಸುವ ಫರ್ಮ್‌ವೇರ್‌ನಲ್ಲಿ ದೋಷವಿತ್ತೆಂದು ಆ್ಯಪಲ್ ಒಪ್ಪಿಕೊಂಡು, ಅದೇ ತಿಂಗಳು ಸರಿಪಡಿಸುವ ಅಪ್‌ಡೇಟ್ ಕೊಟ್ಟಿತು. ಲೋಹ, ಫ್ಯಾನ್ ಒಂದನ್ನೂ ಬದಲಿಸದೆ ವೇಗ ಸುಧಾರಿಸಿತು. ವೇಗ ಇಳಿದ ಕೂಡಲೇ ಸ್ಕ್ರೂಡ್ರೈವರ್ ಹುಡುಕಬಾರದು ಎಂಬುದಕ್ಕೆ ಇದು ಸಾಕ್ಷಿ. ಮೊದಲು ನೋಡಬೇಕು, ಅಳೆಯಬೇಕು.

ಅಳೆಯುವುದು ಕಷ್ಟವೂ ಅಲ್ಲ. ವಿಂಡೋಸ್‌ನಲ್ಲಿ HWiNFO ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಅದರಲ್ಲಿ CPU Package Power, CPU Package ಉಷ್ಣತೆ, Core Effective Clock ಎಂಬ ಮೂರು ಸಾಲುಗಳು ಕಾಣುತ್ತವೆ. PL1 ಈ ಕ್ಷಣದಲ್ಲಿ ಎಷ್ಟಿದೆ ಎಂಬುದನ್ನೂ ಅದು ತೋರಿಸುತ್ತದೆ. ಲಿನಕ್ಸ್ ಬಳಸುವವರಿಗೆ ಒಂದು ಸಾಲು ಸಾಕು:

```
sudo turbostat --show Bzy_MHz,PkgTmp,PkgWatt --interval 5
```

ಐದು ಸೆಕೆಂಡಿಗೊಮ್ಮೆ ವೇಗ, ಉಷ್ಣತೆ, ವ್ಯಾಟ್ ಮೂರೂ ಪಕ್ಕಪಕ್ಕ ಬರುತ್ತವೆ. ಚಾರ್ಜರ್ ಹಾಕಿ, ನಿಮ್ಮ ನಿಜವಾದ ಕೆಲಸವನ್ನೇ ಇಪ್ಪತ್ತು ನಿಮಿಷ ಓಡಿಸಿ. ಮೊದಲ ನಿಮಿಷದ ಅಂಕಿಗಳನ್ನು ಪಕ್ಕಕ್ಕಿಟ್ಟು ಕೊನೆಯ ಐದು ನಿಮಿಷದ್ದನ್ನು ನೋಡಿ. ನಿಮ್ಮ ಲ್ಯಾಪ್‌ಟಾಪ್‌ನ ನಿಜವಾದ ವೇಗ ಅದು.

ಆ ಅಂಕಿಗಳನ್ನು ಓದುವ ಬಗೆ ಹೀಗೆ. ವ್ಯಾಟ್ ಸರಿಯಾಗಿ ಪಿಎಲ್1ಕ್ಕೆ ಅಂಟಿಕೊಂಡು ನಿಂತಿದ್ದು ಉಷ್ಣತೆ 80ರ ಆಸುಪಾಸಿನಲ್ಲಿದ್ದರೆ ತಡೆ ಹಾಕಿರುವುದು ವಿದ್ಯುತ್ ಮಿತಿ. ಇಲ್ಲಿ ಪೇಸ್ಟ್ ಬದಲಿಸುವುದಕ್ಕೆ ಖರ್ಚು ಮಾಡಿದರೆ ಸೋರಿಕೆ ತಗ್ಗಿದ ಆ ಚೂರು ಲಾಭ ಬಿಟ್ಟು ಬೇರೇನೂ ಸಿಗುವುದಿಲ್ಲ. ಲ್ಯಾಪ್‌ಟಾಪ್ ತಯಾರಕರ ತಂತ್ರಾಂಶದಲ್ಲಿ ಪರ್ಫಾಮೆನ್ಸ್ ಮೋಡ್ ಇದ್ದರೆ ಅದನ್ನು ಆರಿಸಿ. ಹಲವು ಮಾದರಿಗಳಲ್ಲಿ ಅದು ಪಿಎಲ್1 ಅನ್ನೇ ಏರಿಸುತ್ತದೆ. ಕೂಲಿಂಗ್ ಚೆನ್ನಾಗಿದ್ದರೆ ಅದರ ಪ್ರಯೋಜನ ಆಗ ಸಿಗುತ್ತದೆ: ನಮ್ಮ ಲೆಕ್ಕದ ಉಷ್ಣರೋಧ 2 ಇರುವ ಲ್ಯಾಪ್‌ಟಾಪ್ 28 ಡಿಗ್ರಿ ಕೋಣೆಯಲ್ಲಿ 36 ವ್ಯಾಟ್‌ವರೆಗೂ ತಾಳಬಲ್ಲದು. ಒಂದೇ ಚಿಪ್ ದಪ್ಪ ಲ್ಯಾಪ್‌ಟಾಪಿನಲ್ಲಿ ವೇಗವಾಗಿ, ತೆಳು ಲ್ಯಾಪ್‌ಟಾಪಿನಲ್ಲಿ ನಿಧಾನವಾಗಿ ಓಡುವುದರ ಗುಟ್ಟು ಇದೇ. ದಪ್ಪ ಮಾದರಿಯವರು ಪಿಎಲ್1 ಹೆಚ್ಚಿಗೆ ಇಡುವ ಧೈರ್ಯ ಮಾಡುತ್ತಾರೆ.

ವ್ಯಾಟ್ ಪಿಎಲ್1ಕ್ಕಿಂತ ಕೆಳಗೆ ಏರಿಳಿಯುತ್ತಿದ್ದು ಉಷ್ಣತೆ 95, 100ರಲ್ಲೇ ನಿಂತಿದ್ದರೆ ಕೂಲಿಂಗ್ ಸೋತಿದೆ. ದೂಳು ತೆಗೆಸಿ, ಪೇಸ್ಟ್ ಬದಲಿಸಿ, ಫ್ಯಾನ್ ಪೂರ್ತಿ ತಿರುಗುತ್ತಿದೆಯೇ ನೋಡಿ. ವಾರಂಟಿ ಇದ್ದರೆ ಬಿಚ್ಚುವ ಮುಂಚೆ ಷರತ್ತು ಓದಿಕೊಳ್ಳಿ. ಫ್ಯಾನಿಗೆ ಗಾಳಿ ಊದುವಾಗ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗಬಹುದು. ಪೇಸ್ಟ್ ತೆಳ್ಳಗೆ ಹರಡಿದರೆ ಸಾಕು, ಹೆಚ್ಚು ಹಾಕಿದರೆ ಹೆಚ್ಚು ತಂಪು ಎಂಬುದು ಸುಳ್ಳು.

ಉಷ್ಣತೆಯೂ ಕಡಿಮೆ, ವ್ಯಾಟೂ ಪಿಎಲ್1ರ ಮೂಲ ಅಂಕಿಗಿಂತ ಕಡಿಮೆ ಇದ್ದರೆ ಹೊರಮೈ ಬಿಸಿಯಾಗಿ ಪಿಎಲ್1 ಇಳಿದಿರಬಹುದು, ಅಥವಾ ಬ್ಯಾಟರಿ ಉಳಿಸುವ ಮೋಡ್ ಚಾಲೂ ಇರಬಹುದು. ವೇಗ 0.4 ಅಥವಾ 0.8 ಗಿಗಾಹರ್ಟ್ಜ್‌ಗೆ ಇಳಿದು ಅಲ್ಲೇ ಅಂಟಿಕೊಂಡು, ಚಿಪ್ 50 ಡಿಗ್ರಿಯಲ್ಲಿದ್ದರೆ ಮೊದಲು ಚಾರ್ಜರ್ ಮೇಲೆ ಅನುಮಾನಪಡಿ. ಕೆಲವು ಲ್ಯಾಪ್‌ಟಾಪ್‌ಗಳು ಚಾರ್ಜರ್‌ನ ಗುರುತು ಸಿಗದಿದ್ದರೆ ಪ್ರೊಸೆಸರಿಗೆ ‘ತಡೆ’ ಎಂಬ ಸಂಕೇತ ಕಳಿಸಿಬಿಡುತ್ತವೆ. ಅಗ್ಗದ ನಕಲಿ ಚಾರ್ಜರ್ ಕೊಂಡವರು ಈ ತೊಂದರೆಗೆ ಸಿಕ್ಕಿ, ಮದರ್‌ಬೋರ್ಡ್ ಕೆಟ್ಟಿತೆಂದು ರಿಪೇರಿಗೆ ಸಾವಿರಾರು ರೂಪಾಯಿ ತೆತ್ತದ್ದುಂಟು. ಸರಿಯಾದ ಚಾರ್ಜರ್ ಹಾಕಿ ನೋಡಲು ಎರಡು ನಿಮಿಷ ಸಾಕಿತ್ತು.

ಡೆಸ್ಕ್‌ಟಾಪ್ ಇರುವವರು ಒಂದು ವಿಷಯ ತಿಳಿದಿರಬೇಕು. ಹೊಸ ದೊಡ್ಡ ಕೂಲರ್ ಹಾಕಿಸಿದ ಮೇಲೂ ಉಷ್ಣತೆ ಇಳಿಯಲಿಲ್ಲ, ದುಡ್ಡು ದಂಡವಾಯಿತು ಎಂದು ಕೆಲವರು ಬೇಸರಪಡುತ್ತಾರೆ. 2022ರಲ್ಲಿ ಬಂದ ರೈಜೆನ್ 7000 ಸಾಲಿನ ದೊಡ್ಡ ಚಿಪ್‌ಗಳಲ್ಲಿ ಇದು ತೀರ ಸಾಮಾನ್ಯ. ಭಾರದ ಕೆಲಸದಲ್ಲಿ 95 ಡಿಗ್ರಿಯವರೆಗೆ ಹೋಗಿ, ಆ ಉಷ್ಣತೆಯಲ್ಲಿ ಎಷ್ಟು ವೇಗ ಸಾಧ್ಯವೋ ಅಷ್ಟನ್ನೂ ತೆಗೆಯುವಂತೆಯೇ ಎಎಂಡಿ ಅವನ್ನು ರೂಪಿಸಿದೆ. ಹೊಸ ಕೂಲರ್ ಹೆಚ್ಚು ಶಾಖ ಸಾಗಿಸಿದರೆ ಚಿಪ್ ಅದನ್ನು ಹೆಚ್ಚು ವ್ಯಾಟ್, ಹೆಚ್ಚು ವೇಗಕ್ಕೆ ಬಳಸಿಕೊಂಡು ಮತ್ತೆ 95ಕ್ಕೇ ಬರುತ್ತದೆ. ಕೂಲರ್ ಕೆಲಸ ಮಾಡಿದೆಯೇ ಎಂದು ಉಷ್ಣತೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಪ್ಪತ್ತು ನಿಮಿಷದ ಕೊನೆಯಲ್ಲಿ ಕ್ಲಾಕ್ ವೇಗ ಎಷ್ಟಿತ್ತು, ಈಗ ಎಷ್ಟಿದೆ ಎಂದು ನೋಡಬೇಕು.

ಕೊಳ್ಳುವಾಗಲೂ ಇದೇ ಅಳತೆ ಹಿಡಿಯಿರಿ. ದೀರ್ಘ ಕೆಲಸ ಇರುವವರು ಪೆಟ್ಟಿಗೆಯ ಮೇಲಿನ 4.4, 5.0 ಎಂಬ ಅಂಕಿಗಳನ್ನು ನೋಡಿ ಆರಿಸಬಾರದು. ಅದೇ ಚಿಪ್‌ಗೆ ಈ ಮಾದರಿಯಲ್ಲಿ ಎಷ್ಟು ವ್ಯಾಟಿನ ದೀರ್ಘಕಾಲದ ಮಿತಿ ಇಟ್ಟಿದ್ದಾರೆ, ಅರ್ಧ ಗಂಟೆಯ ನಂತರ ಅದು ಅಷ್ಟನ್ನು ಉಳಿಸಿಕೊಳ್ಳುತ್ತದೆಯೇ ಎಂದು ಕೇಳಿ, ವಿಮರ್ಶೆಗಳಲ್ಲಿ ಹುಡುಕಿ. ನನ್ನನ್ನು ಕೇಳಿದರೆ, ಉಸಿರಾಡಲು ಜಾಗವಿರುವ ದಪ್ಪ ಲ್ಯಾಪ್‌ಟಾಪಿನ ಐ5 ಚಿಪ್, ತೆಳು ಲ್ಯಾಪ್‌ಟಾಪಿನಲ್ಲಿ ಇಕ್ಕಟ್ಟಾಗಿ ಕೂತ ಐ7ಗಿಂತ ಮದುವೆ ವಿಡಿಯೊದ ಕೆಲಸಕ್ಕೆ ಒಳ್ಳೆಯದು. ಈಗಾಗಲೇ ಲ್ಯಾಪ್‌ಟಾಪ್ ಇರುವವರು ಮುಂದಿನ ಮದುವೆ ಸೀಜನ್ ಶುರುವಾಗುವ ಮುಂಚೆ, ಫೆಬ್ರವರಿಯಲ್ಲೇ, ಅದರ ಫ್ಯಾನ್ ಬಿಚ್ಚಿಸಿ ದೂಳು ತೆಗೆಸಿಬಿಡಿ.